ಗೋಡೆ ಮೇಲಿನ ಚೀಟಿ ಟೈಪ್ ಮಾಡುವಾಗ ಅದರ ಜಾಗವನ್ನೂ ಬರೆದಿಡಿ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಂತೆ ನಮ್ಮಲ್ಲೂ ನೀರಿನ ಬಗ್ಗೆ ಒಂದು ಮೀಟಿಂಗ್ ಆಯಿತು. ಎಲ್ಲರ ಕೈಗೂ ಒಂದೊಂದು ಸ್ಟಿಕಿ ನೋಟ್ ಕಟ್ಟು ಕೊಟ್ಟು, ತೋಚಿದ್ದನ್ನು ಬರೆದು ಗೋಡೆಗೆ ಅಂಟಿಸಿ ಎಂದರು. ಮೀಟಿಂಗ್ ಮುಗಿದ ಮೇಲೆ "ನೀವು ಕಂಪ್ಯೂಟರ್ ಬಲ್ಲವರು, ಇಷ್ಟನ್ನು ಟೈಪ್ ಮಾಡಿಬಿಡಿ" ಅಂತ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಚೀಟಿಗಳನ್ನೆಲ್ಲ ಕಿತ್ತು, ಒಟ್ಟಿಗೆ ಜೋಡಿಸಿ, ಮನೆಗೆ ತಂದು, ಒಂದರ ಕೆಳಗೊಂದು ಟೈಪ್ ಮಾಡಿದೆ.

ಪಟ್ಟಿಯ 31ನೇ ಸಾಲಿನಲ್ಲಿ "ಇದು ಬೇಡ" ಎಂದಿತ್ತು.

ಯಾವುದು ಬೇಡ? ಗೋಡೆಯ ಮೇಲಿದ್ದಾಗ ಅದನ್ನು ಯಾರೂ ಕೇಳಬೇಕಾಗಿರಲಿಲ್ಲ. ಆ ಚೀಟಿ ಇನ್ನೊಂದು ಚೀಟಿಯ ಪಕ್ಕದಲ್ಲಿತ್ತು, "ಇದು" ಅಂದರೆ ಆ ಪಕ್ಕದ್ದು. ನಾನು ಕಿತ್ತ ಕೂಡಲೇ ಅರ್ಥ ಗೋಡೆಯಲ್ಲೇ ಉಳಿಯಿತು. ಬರೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಈಗ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ, ಆಫೀಸಿನಲ್ಲಿ, ಸಂಘದ ಮೀಟಿಂಗಿನಲ್ಲಿ ಇಂಥ ಗೋಡೆಗಳು ಜಾಸ್ತಿ ಕಾಣುತ್ತಿವೆ. ಎಲ್ಲಾ ಕಡೆಯೂ ಯಾರೋ ಒಬ್ಬರು ಕೂತು ಟೈಪ್ ಮಾಡಲೇಬೇಕು. ಮರುವರ್ಷದ ಮೀಟಿಂಗಿನಲ್ಲಿ ನಾನು ಆ ಕೆಲಸ ಮಾಡಿದ ಬಗೆ ಬೇರೆಯಾಗಿತ್ತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

## ಒಂದು ಚೀಟಿಯಲ್ಲಿ ಮೂರು ಸಂಗತಿ

ಮೊದಲನೆಯದು, ಏನು ಬರೆದಿದೆ ಎಂಬುದು. ಎರಡನೆಯದು, ಗೋಡೆಯ ಮೇಲೆ ಅದು ಎಲ್ಲಿತ್ತು ಎಂಬುದು. ಮೂರನೆಯದು, ಅದು ಯಾವ ವಿಷಯಕ್ಕೆ ಸೇರಿದ್ದು ಎಂಬುದು. ಮೊದಲೆರಡು ಕಣ್ಣಿಗೆ ಕಾಣುವಂಥವು, ಬರೆದವರು ಬಿಟ್ಟುಹೋದಂಥವು. ಮೂರನೆಯದು ಮಾತ್ರ ನಮ್ಮ ತೀರ್ಮಾನ. ಇವತ್ತು "ಸೋರಿಕೆ" ಗುಂಪಿಗೆ ಹಾಕಿದ್ದನ್ನು ನಾಳೆ "ಮಳೆನೀರು" ಗುಂಪಿಗೆ ದಾಟಿಸಬಹುದು.

ಎಡವಟ್ಟು ಆಗುವುದು ಈ ಮೂರನ್ನೂ ಒಂದೇ ಸಲ ಮಾಡಲು ಹೋದಾಗ. ಓದುತ್ತಾ ಓದುತ್ತಾ ಗುಂಪು ಮಾಡಿ, ಗುಂಪಿನ ಕೆಳಗೇ ಟೈಪ್ ಮಾಡಿದರೆ, ಚೀಟಿ ಎಲ್ಲಿತ್ತು ಎಂಬುದರ ಮೇಲೆ ನಮ್ಮ ತೀರ್ಮಾನ ಕೂತುಬಿಡುತ್ತದೆ. ಹಳೇ ಜಮೀನಿನ ಸರ್ವೆ ನಕ್ಷೆಯ ಮೇಲೆಯೇ ಹೊಸ ಮನೆ ಪ್ಲಾನ್ ಬರೆದ ಹಾಗೆ. ಆಮೇಲೆ ಮೂಲ ಗಡಿ ಎಲ್ಲಿತ್ತು ಅಂತ ಕೇಳಿದರೆ ಉತ್ತರವಿಲ್ಲ. ಹಾಗಾಗಿ ಮೊದಲು ಜಾಗ, ಆಮೇಲೆ ಅಕ್ಷರ, ಕೊನೆಗೆ ಗುಂಪು. ಜಾಗದ ಕಾಲಂ ಒಮ್ಮೆ ತುಂಬಿದ ಮೇಲೆ ಅದನ್ನು ಮುಟ್ಟುವಂತಿಲ್ಲ.

## ಕೀಳುವ ಮುಂಚೆ

ಎರಡನೇ ಸಲ ನಾವು ಚೀಟಿಯನ್ನು ನೇರ ಗೋಡೆಗೆ ಅಂಟಿಸದೆ, ಮೊದಲು ಚಾರ್ಟ್ ಪೇಪರ್ ಅಂಟಿಸಿ ಅದರ ಮೇಲೆ ಹಾಕಿಸಿದೆವು. ಸುಣ್ಣದ ಗೋಡೆಗೆ ಸ್ಟಿಕಿ ನೋಟ್ ಸರಿಯಾಗಿ ಹಿಡಿಯುವುದಿಲ್ಲ, ಪುಡಿ ಅಂಟಿಕೊಂಡು ಉದುರುತ್ತದೆ. ಅದರ ಅಂಟೇ ಬಲವಿಲ್ಲದ್ದು, ಬೇಕೆಂದೇ ಹಾಗೆ ಇಟ್ಟಿದ್ದು. 1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಹುಡುಕಲು ಹೋಗಿ, ಸುಲಭವಾಗಿ ಬಿಡುವ ಈ ಅಂಟನ್ನು ಕಂಡುಕೊಂಡರು. ನಮ್ಮ ಮೀಟಿಂಗ್ ಹಾಲಿನ ಸೀಲಿಂಗ್ ಫ್ಯಾನ್ ವಿಚಾರ ಅವರಿಗೆ ಗೊತ್ತಿರಲಿಲ್ಲ ಪಾಪ.

ಚಾರ್ಟ್ ಹಾಳೆಗಳ ಒಟ್ಟು ಜಾಗದ ನಾಲ್ಕು ಮೂಲೆಗೂ ಬಣ್ಣದ ಟೇಪಿನ ತುಂಡು ಹಚ್ಚಿ, ನಡುವಿನ ಅಳತೆಯನ್ನು ಟೇಪು ಹಿಡಿದು ಬರೆದುಕೊಂಡೆ: ಅಗಲ 240 ಸೆಂ.ಮೀ., ಎತ್ತರ 120 ಸೆಂ.ಮೀ. ಈ ನಾಲ್ಕು ಗುರುತು ಯಾಕೆ ಬೇಕು ಎಂಬುದು ಫೋಟೋದ ಹಂತದಲ್ಲಿ ಗೊತ್ತಾಗುತ್ತದೆ.

ಜನ ಇನ್ನೂ ಕಾಫಿ ಕುಡಿಯುತ್ತಿರುವಾಗಲೇ ಪ್ರತಿ ಚೀಟಿಯ ಮೂಲೆಯಲ್ಲೂ ಪೆನ್ನಿನಿಂದ ಸಣ್ಣದಾಗಿ ನಂಬರ್ ಹಾಕಿದೆ. ನಂಬರಿನ ಕ್ರಮಕ್ಕೆ ಏನೂ ಅರ್ಥವಿಲ್ಲ, ಎರಡು ಚೀಟಿಗೆ ಒಂದೇ ನಂಬರ್ ಬರಬಾರದು ಅಷ್ಟೇ. ಆಗಲೇ ಎಣಿಸಿಯೂ ಬಿಟ್ಟೆ. ಕಣ್ಣಿಗೆ ಕಾಣುವುದು 53. ಬೇರೆ ಚೀಟಿಯ ಅಡಿಯಲ್ಲಿ ಪೂರ್ತಿ ಮುಚ್ಚಿಹೋಗಿದ್ದವು 3. ಫ್ಯಾನಿನ ಗಾಳಿಗೆ ನೆಲಕ್ಕೆ ಬಿದ್ದಿದ್ದವು 2. ಒಟ್ಟು 58. ಕೊನೆಗೆ ಕಂಪ್ಯೂಟರಿನಲ್ಲಿ 58 ಸಾಲು ಇರಲೇಬೇಕು. 57 ಬಂದರೆ ಒಂದು ಎಲ್ಲೋ ಅಂಟಿಕೊಂಡು ಕೂತಿದೆ ಎಂದರ್ಥ.

ಬಿದ್ದ ಚೀಟಿಯನ್ನು "ಬಹುಶಃ ಇಲ್ಲೇ ಇತ್ತು" ಅಂತ ಮತ್ತೆ ಅಂಟಿಸಬಾರದು. ಅದರ ಜಾಗದ ಕಾಲಂನಲ್ಲಿ "ಬಿದ್ದಿತ್ತು" ಅಂತ ಬರೆದು ಬಿಟ್ಟರೆ ಸಾಕು. ಮುಚ್ಚಿಹೋದ ಚೀಟಿಗೆ "22ರ ಅಡಿಯಲ್ಲಿ" ಎಂಬಂಥ ಟಿಪ್ಪಣಿ ಬೇಕು. ಕೆಲವರು ತಮ್ಮದೂ ಅದೇ ಮಾತು ಎಂದು ತೋರಿಸಲು ಬೇಕೆಂದೇ ಒಂದರ ಮೇಲೊಂದು ಅಂಟಿಸುತ್ತಾರೆ. ಕೆಲವರು ಜಾಗವಿಲ್ಲದೆ ಅಂಟಿಸುತ್ತಾರೆ. ಯಾವುದು ಯಾವುದೆಂದು ಆಮೇಲೆ ನೋಡೋಣ, ಮೊದಲು ಬರೆದಿಡಬೇಕು.

ಬಣ್ಣವನ್ನೂ ಅಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ಟ್ಯೂಬ್‌ಲೈಟಿನಲ್ಲಿ ತೆಗೆದ ಫೋಟೋದಲ್ಲಿ ಹಳದಿ ಮತ್ತು ತಿಳಿ ಕಿತ್ತಳೆ ಒಂದೇ ಥರ ಕಾಣುತ್ತವೆ. ನಮ್ಮಲ್ಲಿ ಬಾಡಿಗೆಯವರಿಗೆ ಕಿತ್ತಳೆ, ಮಾಲೀಕರಿಗೆ ಹಳದಿ ಕೊಟ್ಟಿದ್ದರಿಂದ ಅದು ಸಣ್ಣ ವಿಷಯ ಆಗಿರಲಿಲ್ಲ.

## ಫೋಟೋದಿಂದ ಸೆಂಟಿಮೀಟರಿಗೆ

ಗೋಡೆಯನ್ನು ಬದಿಯಿಂದ ನಿಂತು ಫೋಟೋ ತೆಗೆದರೆ ಹತ್ತಿರದ ಚೀಟಿ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಚಿಕ್ಕದಾಗಿ ಕಂಡ ಕಡೆ ಚೀಟಿಗಳ ನಡುವಿನ ಅಂತರವೂ ಕುಗ್ಗುತ್ತದೆ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವಲ್ಲ, ಅದೇ ಕಾರಣ. ಫೋನಿನ ಡಾಕ್ಯುಮೆಂಟ್ ಸ್ಕ್ಯಾನ್ ಆ್ಯಪ್‌ಗಳು ನಾಲ್ಕು ಮೂಲೆ ತೋರಿಸಿದರೆ ಈ ಓರೆಯನ್ನು ಎಳೆದು ನೇರ ಮಾಡುತ್ತವೆ. ಮೂಲೆಯ ಟೇಪ್ ಗುರುತು ಬೇಕಾದದ್ದು ಇದಕ್ಕೇ.

ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ. ಸಾಮಾನ್ಯ ಸ್ಟಿಕಿ ನೋಟ್ 7.6 ಸೆಂ.ಮೀ. ಚೌಕ. ನೇರ ಮಾಡಿದ ಫೋಟೋದಲ್ಲಿ ಎಡತುದಿಯ ಚೀಟಿಯೂ ಬಲತುದಿಯ ಚೀಟಿಯೂ ಒಂದೇ ಅಳತೆಯ ಚೌಕವಾಗಿ ಕಾಣಬೇಕು. ಒಂದು ಉದ್ದುದ್ದ, ಇನ್ನೊಂದು ಅಗಲ ಕಂಡರೆ ಮೂಲೆ ತಪ್ಪಾಗಿ ಹಿಡಿದಿದ್ದೀರಿ.

ನೇರ ಮಾಡಿದ ನನ್ನ ಫೋಟೋವನ್ನು 4000 ಪಿಕ್ಸೆಲ್ ಅಗಲ, 2000 ಪಿಕ್ಸೆಲ್ ಎತ್ತರಕ್ಕೆ ಹೊಂದಿಸಿಕೊಂಡೆ. ಪಿಕ್ಸೆಲ್ ಅಂದರೆ ಫೋಟೋವನ್ನು ಕಟ್ಟಿರುವ ಸಣ್ಣ ಸಣ್ಣ ಚುಕ್ಕಿ. ಕಂಪ್ಯೂಟರಿನ ಪೇಂಟ್ ಪ್ರೋಗ್ರಾಮಿನಲ್ಲಿ ಫೋಟೋ ತೆರೆದು ಚೀಟಿಯ ನಡುಮಧ್ಯಕ್ಕೆ ಮೌಸ್ ಇಟ್ಟರೆ, ಅದು ಎಡದಿಂದ ಎಷ್ಟನೇ ಚುಕ್ಕಿ, ಮೇಲಿನಿಂದ ಎಷ್ಟನೇ ಚುಕ್ಕಿ ಅಂತ ಕೆಳಗಿನ ಪಟ್ಟಿಯಲ್ಲಿ ಎರಡು ಸಂಖ್ಯೆ ಕಾಣುತ್ತವೆ. ಅವನ್ನು ಸ್ಪ್ರೆಡ್‌ಶೀಟಿನ B ಮತ್ತು C ಕಾಲಂಗೆ ಹಾಕಿ, ಪಕ್ಕದ D ಮತ್ತು E ಕಾಲಂಗಳಲ್ಲಿ ಹೀಗೆ ಬರೆದೆ:

```
=B2/4000*240
=C2/2000*120
```

34ನೇ ಚೀಟಿ 1500, 600 ಪಿಕ್ಸೆಲ್‌ನಲ್ಲಿತ್ತು. ಹಾಗಾದರೆ ಅದು ಎಡ ಅಂಚಿನಿಂದ 90 ಸೆಂ.ಮೀ., ಮೇಲಿನಿಂದ 36 ಸೆಂ.ಮೀ. ಅಲ್ಲಿಗೆ ಫೋಟೋದ ಲೆಕ್ಕ ಗೋಡೆಯ ಲೆಕ್ಕವಾಯಿತು.

ಬಹಳ ಜನ ಇಲ್ಲಿ ಶೇಕಡಾ ಲೆಕ್ಕ ಬಳಸುತ್ತಾರೆ, ಎಡದಿಂದ ಶೇ. 37.5, ಮೇಲಿನಿಂದ ಶೇ. 30 ಅಂತ. ನಾನೂ ಮೊದಲು ಹಾಗೇ ಮಾಡಿ ಮೋಸ ಹೋದೆ. ನಮ್ಮ ಗೋಡೆಯ ಅಗಲ ಎತ್ತರದ ಎರಡರಷ್ಟು. ಆರು ಸೆಂ.ಮೀ. ಅಂತರ ಅಡ್ಡಕ್ಕೆ ಇದ್ದರೆ ಶೇ. 2.5, ಅದೇ ಆರು ಸೆಂ.ಮೀ. ಉದ್ದಕ್ಕೆ ಇದ್ದರೆ ಶೇ. 5. ಒಂದೇ ಅಂತರ ಒಂದು ದಿಕ್ಕಿನಲ್ಲಿ ದುಪ್ಪಟ್ಟಾಗಿ ಕಾಣುತ್ತದೆ. ಪಕ್ಕಪಕ್ಕದ ಚೀಟಿಗಳು ಹತ್ತಿರದವರಾಗಿ, ಮೇಲೆ ಕೆಳಗಿನವು ದೂರದವರಾಗಿ ಬಿಡುತ್ತವೆ.

ಇನ್ನೊಂದು ತಮಾಷೆ, ಈ ಸಂಖ್ಯೆಗಳಿಂದ ಸ್ಪ್ರೆಡ್‌ಶೀಟಿನಲ್ಲಿ ಚುಕ್ಕಿ ಚಿತ್ರ ಬರೆಸಿದರೆ ಗೋಡೆ ತಲೆಕೆಳಗಾಗುತ್ತದೆ. ಫೋಟೋ ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ, ಚಿತ್ರ ಕೆಳಗಿನಿಂದ ಮೇಲಕ್ಕೆ. ಇನ್ನೊಂದು ಕಾಲಂ ಮಾಡಿ, 120ರಿಂದ ಎರಡನೇ ಸಂಖ್ಯೆಯನ್ನು ಕಳೆದು ಆ ಉತ್ತರವನ್ನು ಚಿತ್ರಕ್ಕೆ ಕೊಟ್ಟರೆ ಗೋಡೆ ನೆಟ್ಟಗೆ ನಿಲ್ಲುತ್ತದೆ.

## ಕೈಬರಹ: ಇದ್ದದ್ದನ್ನು ಇದ್ದ ಹಾಗೆ

ಫೋನಿನಲ್ಲಿ ಅಕ್ಷರ ಗುರುತಿಸುವ ಸೌಲಭ್ಯ ಇದೆಯಲ್ಲ, ಅದನ್ನೇ ಬಳಸಬಹುದಲ್ವಾ ಎಂದು ಕೇಳಬಹುದು. ಅಚ್ಚಾದ ಕನ್ನಡವನ್ನು ಅದು ಚೆನ್ನಾಗಿಯೇ ಓದುತ್ತದೆ. ಅವಸರದಲ್ಲಿ ಬರೆದ ಒತ್ತಕ್ಷರಕ್ಕೆ ಬಂದರೆ ತಡವರಿಸುತ್ತದೆ. ಇಡೀ ಗೋಡೆಯ ಫೋಟೋ ಕೊಟ್ಟಾಗ ಇನ್ನೂ ಒಂದು ತೊಂದರೆ ಕಂಡೆ: ಎಡದ ಚೀಟಿಯ ಮೊದಲ ಸಾಲು ಓದಿ, ಹಾಗೇ ಮುಂದೆ ಹೋಗಿ ಪಕ್ಕದ ಚೀಟಿಯ ಮೊದಲ ಸಾಲನ್ನೂ ಸೇರಿಸಿಬಿಟ್ಟಿತು. ಐವತ್ತೆಂಟು ಚೀಟಿಗೆ ಕೈಯಲ್ಲೇ ಟೈಪ್ ಮಾಡುವುದು ಬೇಗ ಆಯಿತು.

ಟೈಪ್ ಮಾಡುವಾಗ ತಿದ್ದಬಾರದು. "ಟ್ಯಾಂಕರ್ ನವ್ರು ಜಾಸ್ತಿ ತಗೋತಾರೆ" ಅಂತಿದ್ದರೆ ಹಾಗೇ ಇರಲಿ. ಅದನ್ನು "ಟ್ಯಾಂಕರ್ ದರ ಏರಿಕೆ" ಅಂತ ಮಾಡಿದರೆ ಮಾತೇ ಬದಲಾಯಿತು. ಬರೆದವರು ದರ ಏರಿದೆ ಎನ್ನುತ್ತಿಲ್ಲ, ಹಣ ಹೆಚ್ಚು ಕೀಳುತ್ತಾರೆ ಎನ್ನುತ್ತಿದ್ದಾರೆ. ನಮಗೆ ಅನಿಸಿದ ಅರ್ಥಕ್ಕೆ ಬೇರೆ ಕಾಲಂ ಇದೆ. ಹೊಡೆದುಹಾಕಿದ ಪದ ಓದಲು ಬಂದರೆ ಅದನ್ನೂ "ಹೊಡೆದದ್ದು" ಎಂದು ಬರೆದಿಡುತ್ತೇನೆ.

ಕನ್ನಡ ಕೈಬರಹದಲ್ಲಿ ಎಡವುವ ಜಾಗ ಬೇಕಾದಷ್ಟಿವೆ. ಪ ಮತ್ತು ಷ, ಮ ಮತ್ತು ವ, ಅಂಕಿಗಳಲ್ಲಿ ೬ ಮತ್ತು ೯. ನನ್ನನ್ನು ಕಾಡಿದ್ದು ಮಾತ್ರ ೪೧ನೇ ಚೀಟಿಯ ಒಂದು ಸ್ವರ. "ಸಂಪ್ ಹತ್ರ ನೀರು" ಎಂಬಷ್ಟು ಸ್ಪಷ್ಟ. ಮುಂದಿನದು "ಸೋರುತ್ತೆ" ಎಂದೋ "ಸೇರುತ್ತೆ" ಎಂದೋ ಗೊತ್ತಾಗಲಿಲ್ಲ. ಸೋರಿದರೆ ನಮ್ಮ ನೀರು ಹೊರಗೆ ಹೋಗುತ್ತಿದೆ, ಪ್ಲಂಬರ್ ಬೇಕು. ಸೇರಿದರೆ ಹೊರಗಿನ ನೀರು ಅಲ್ಲಿ ಬಂದು ನಿಲ್ಲುತ್ತಿದೆ, ಚರಂಡಿ ನೋಡಬೇಕು. ಒಂದು ಕೊಂಬಿನ ಮೇಲೆ ಎರಡು ಬೇರೆ ಕೆಲಸ.

ಇಲ್ಲಿ ಜಾಗ ಕೈಹಿಡಿಯಿತು. ಆ ಚೀಟಿ ನಲ್ಲಿ ಸೋರಿಕೆಯ ಚೀಟಿಗಳ ಹತ್ತಿರ ಇರಲಿಲ್ಲ, ಮಳೆನೀರು ಇಂಗುಗುಂಡಿಯ ಎರಡು ಚೀಟಿಗಳ ಪಕ್ಕದಲ್ಲಿತ್ತು. ಹಾಗಂತ ನಾನೇ "ಸೇರುತ್ತೆ" ಎಂದು ತೀರ್ಮಾನಿಸಲಿಲ್ಲ. ಎರಡೂ ಓದನ್ನು ಬರೆದು ಪ್ರಶ್ನೆ ಗುರುತು ಹಾಕಿದೆ. ಪಕ್ಕದ ಚೀಟಿಯದೂ ಅದೇ ಹಸಿರು ಶಾಯಿ. ಅದು ನೆಲಮಹಡಿಯ ಅಜ್ಜಿಯದು ಎಂದು ಗೊತ್ತಿತ್ತು, ಹೋಗಿ ಕೇಳಿದೆ. "ಸೋರೋದಲ್ಲ ಕಣಮ್ಮ, ಮಳೆ ಬಂದ್ರೆ ರಸ್ತೆ ನೀರೆಲ್ಲ ಅಲ್ಲಿಗೇ ಬಂದು ಸೇರುತ್ತೆ. ಮುಚ್ಚಳದ ಸಂದಿಯಿಂದ ಒಳಗೂ ಇಳಿಯುತ್ತೆ" ಎಂದರು. ಕುಡಿಯುವ ನೀರಿನ ಸಂಪಿಗೆ ರಸ್ತೆ ನೀರು! ಅದು ನಾನು ಊಹಿಸಿದ ಎರಡು ಅರ್ಥಕ್ಕಿಂತಲೂ ಗಂಭೀರವಾಗಿತ್ತು.

ನನ್ನ ಹಾಳೆಯ ಮೂರು ಸಾಲು ಹೀಗಿತ್ತು:

| ನಂಬರ್ | ಎಡದಿಂದ (ಸೆಂ.ಮೀ.) | ಮೇಲಿನಿಂದ (ಸೆಂ.ಮೀ.) | ಬರೆದಿರುವುದು | ಟಿಪ್ಪಣಿ |
|---|---|---|---|---|
| 34 | 90 | 36 | ಮನೆಗೊಂದು ಮೀಟರ್ ಹಾಕಿ | ಹಳದಿ |
| 35 | 96 | 44 | ಇದಕ್ಕೆ ಖರ್ಚು ಯಾರದು? | ಕಿತ್ತಳೆ |
| 41 | 198 | 87 | ಸಂಪ್ ಹತ್ರ ನೀರು ಸೋ/ಸೇರುತ್ತೆ? | ಹಳದಿ, ಹಸಿರು ಶಾಯಿ, ಕೇಳಬೇಕು |

35ನೇ ಸಾಲು ನೋಡಿ. ಮತ್ತೆ ಅದೇ "ಇದು"! ಆದರೆ ಈ ಸಲ ಲೆಕ್ಕ ಕೈಯಲ್ಲಿದೆ. ಅಡ್ಡಕ್ಕೆ 6, ಉದ್ದಕ್ಕೆ 8 ಸೆಂ.ಮೀ. ಸರಿದಿದೆ, ಓರೆಯಾಗಿ ಅಳೆದರೆ 10 ಸೆಂ.ಮೀ. ಚೀಟಿಯ ಅಳತೆಯೇ 7.6 ಆದ್ದರಿಂದ ಎರಡೂ ಹೆಚ್ಚುಕಡಿಮೆ ಅಂಚಿಗೆ ಅಂಚು ತಾಗಿದ್ದವು. ಬೇರೆ ಯಾವ ಚೀಟಿಯೂ ಅಷ್ಟು ಹತ್ತಿರ ಇರಲಿಲ್ಲ. ಕೇಳುತ್ತಿರುವುದು ಮೀಟರಿನ ಖರ್ಚು.

## ಗುಂಪು ಮಾಡುವುದು

ಚೀಟಿಗಳನ್ನು ಗುಂಪು ಮಾಡುವ ಈ ಪದ್ಧತಿಗೆ ಹೆಸರು ತಂದವರಲ್ಲಿ ಮುಖ್ಯರು ಜಪಾನಿನ ಕವಾಕಿತಾ ಜಿರೋ. ಭೂಗೋಳ ಮತ್ತು ಜನಜೀವನ ಅಧ್ಯಯನ ಮಾಡುತ್ತಿದ್ದ ಅವರು ನೇಪಾಳದ ಹಳ್ಳಿಗಳಲ್ಲಿ ಓಡಾಡಿದವರು. ಅಂಥ ಓಡಾಟದಲ್ಲಿ ಸಿಕ್ಕ ನೂರಾರು ಬಿಡಿ ಟಿಪ್ಪಣಿಗಳಿಂದ ಅರ್ಥ ಹೊರಡಿಸಲು 1960ರ ದಶಕದಲ್ಲಿ ಒಂದು ದಾರಿ ರೂಪಿಸಿದರು. ಅವರ ಹೆಸರಿನ ಅಕ್ಷರಗಳಿಂದಲೇ ಅದಕ್ಕೆ ಕೆಜೆ ವಿಧಾನ ಎನ್ನುತ್ತಾರೆ. 1984ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. 3ಎಂ ಕಂಪನಿಯ ಪೋಸ್ಟ್-ಇಟ್ ಎಂಬ ಸ್ಟಿಕಿ ನೋಟ್ ಅಮೆರಿಕದ ಅಂಗಡಿಗಳಿಗೆಲ್ಲ ಬಂದದ್ದು 1980ರಲ್ಲಿ. ಅಂದರೆ ವಿಧಾನ ಮೊದಲು ಬಂತು, ಅಂಟು ಚೀಟಿ ಆಮೇಲೆ.

ಅವರ ದಾರಿಯ ತಿರುಳು ಇಷ್ಟು: ತಲೆಬರಹ ಮೊದಲು ಬರೆಯಬೇಡಿ. "ಟ್ಯಾಂಕರ್", "ಬಿಲ್", "ಇತರೆ" ಅಂತ ಡಬ್ಬ ಮಾಡಿಟ್ಟುಕೊಂಡು ಚೀಟಿ ತುಂಬುತ್ತಾ ಹೋದರೆ, ನಿಮಗೆ ಮೊದಲೇ ಗೊತ್ತಿದ್ದದ್ದೇ ವಾಪಸ್ ಸಿಗುತ್ತದೆ. ಬದಲಿಗೆ ಎಲ್ಲ ಚೀಟಿ ಓದಿ, ಒಂದಕ್ಕೊಂದು ನಂಟಿರುವ ಎರಡು ಮೂರನ್ನು ಒಟ್ಟಿಗಿಡಿ. ಸಣ್ಣ ಗುಂಪು ನಿಂತ ಮೇಲೆ ಅದು ಒಟ್ಟಾರೆ ಏನು ಹೇಳುತ್ತಿದೆ ಎಂದು ಕೇಳಿ, ಆ ಮಾತನ್ನೇ ತಲೆಬರಹ ಮಾಡಿ. ಎಲ್ಲೂ ಸೇರದ್ದನ್ನು ಒಂಟಿಯಾಗಿಯೇ ಬಿಡಿ.

ನಾನು ಇದಕ್ಕಾಗಿ ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು, ಸಾಲು ಸಾಲಾಗಿ ಕತ್ತರಿಸಿ, ಊಟದ ಮೇಜಿನ ಮೇಲೆ ಹರಡಿದೆ. ಗೋಡೆಯ ಮೂಲ ಚೀಟಿಗಳನ್ನು ಮುಟ್ಟಲಿಲ್ಲ. ಎರಡು ಸಂಜೆ ಬೇಕಾಯಿತು. "ಬಿಲ್" ಎಂದು ಒಂದೇ ಪದದಲ್ಲಿ ಮುಗಿಯಬಹುದಾಗಿದ್ದ ಗುಂಪು ಕೊನೆಗೆ "ಬಳಸಿದಷ್ಟೇ ಕಟ್ಟಬೇಕು, ಆದರೆ ಮೀಟರಿನ ಖರ್ಚು ಯಾರದೆಂದು ಗೊತ್ತಿಲ್ಲ" ಎಂಬ ವಾಕ್ಯವಾಯಿತು. ಅದರಲ್ಲಿ 14 ಚೀಟಿ. ಸೋರಿಕೆಯದು 10, ಟ್ಯಾಂಕರಿನದು 11, ಬೋರ್‌ವೆಲ್ ಮತ್ತು ಮಳೆನೀರು 9, ಎಸ್‌ಟಿಪಿಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರಿನ ಬಳಕೆ 8, ಒಂಟಿ ಚೀಟಿ 6. ಕೂಡಿದರೆ 58.

ಗುಂಪಿನ ಹೆಸರನ್ನು ಹಾಳೆಯಲ್ಲಿ ಹೊಸ ಕಾಲಂಗೆ ಹಾಕಿದೆ. ಜಾಗದ ಕಾಲಂ ಹಾಗೇ ಇದೆ.

## ಗುಂಪನ್ನು ಮತ್ತೆ ಗೋಡೆಗೆ ಏರಿಸಿದಾಗ

ಈಗ ಚುಕ್ಕಿ ಚಿತ್ರದಲ್ಲಿ ಪ್ರತಿ ಗುಂಪಿಗೂ ಒಂದು ಬಣ್ಣ ಕೊಟ್ಟರೆ, ಗೋಡೆ ಮತ್ತೆ ಎದ್ದು ಕೂರುತ್ತದೆ. ಜಾಗ ಉಳಿಸಿಕೊಂಡಿದ್ದು ಇದಕ್ಕಾಗಿ.

ಟ್ಯಾಂಕರಿನ 11 ಚುಕ್ಕಿಗಳಲ್ಲಿ 9 ಎಡ ಮೇಲ್ಮೂಲೆಯಲ್ಲಿ ಒತ್ತೊತ್ತಾಗಿದ್ದವು. ಸೋರಿಕೆಯ 10 ಚುಕ್ಕಿ ಇಡೀ ಗೋಡೆಗೆ ಚೆಲ್ಲಿದ್ದವು. ಸುಮ್ನೆ ಎಣಿಸಿದರೆ ಟ್ಯಾಂಕರ್ ಗೆದ್ದಂತೆ. ಆದರೆ ಗೋಡೆಯ ಮುಂದೆ ನಿಂತ ಜನ ಪಕ್ಕದವರದನ್ನು ಓದುತ್ತಲೇ ಬರೆಯುತ್ತಾರೆ. ಒಬ್ಬರು ಟ್ಯಾಂಕರ್ ಎಂದರೆ ಇನ್ನೊಬ್ಬರಿಗೂ ಅದೇ ನೆನಪಾಗುತ್ತದೆ, ಅಲ್ಲೇ ಅಂಟಿಸುತ್ತಾರೆ. ಒತ್ತಾದ 9 ಚೀಟಿ ಒಂಬತ್ತು ಬೇರೆ ಬೇರೆ ಯೋಚನೆ ಇರಬಹುದು, ಇಲ್ಲವೇ ಒಂದು ಮಾತಿನ ಒಂಬತ್ತು ಪ್ರತಿಧ್ವನಿ ಇರಬಹುದು. ಗೋಡೆಯ ನಾಲ್ಕೂ ಕಡೆ, ಬೇರೆ ಬೇರೆ ಮಾತಿನ ನಡುವೆ ಎದ್ದ ಸೋರಿಕೆಯ ದೂರುಗಳು ಹೀಗೆ ನಕಲಾಗಿರುವ ಸಾಧ್ಯತೆ ಕಡಿಮೆ. ನಾನು ಸಮಿತಿಗೆ ಎರಡನ್ನೂ ತೋರಿಸಿ, ಎಣಿಕೆ ಒಂದನ್ನೇ ನಂಬಬೇಡಿ ಎಂದೆ.

ಜಾಗದಿಂದ ಜಾಸ್ತಿ ಅರ್ಥ ಹಿಂಡಲೂ ಬಾರದು. ತಡವಾಗಿ ಬಂದವರು ಖಾಲಿ ಕಂಡಲ್ಲಿ ಅಂಟಿಸುತ್ತಾರೆ. ಕುಳ್ಳಗಿರುವವರು ಕೆಳಗೆ ಅಂಟಿಸುತ್ತಾರೆ. ಬಾಗಿಲ ಪಕ್ಕದ ಹಾಳೆ ಯಾವಾಗಲೂ ಬೇಗ ತುಂಬುತ್ತದೆ. ಇನ್ನೂ ಮುಖ್ಯವಾದದ್ದು, ಮೀಟಿಂಗ್ ನಡೆಸಿದವರು ನಡುವೆ ಎದ್ದು "ಇವೆರಡೂ ಒಂದೇ" ಅಂತ ಚೀಟಿಗಳನ್ನು ಸರಿಸಿಬಿಟ್ಟಿದ್ದರೆ, ಆ ಜಾಗ ಬರೆದವರದ್ದಲ್ಲ, ಸರಿಸಿದವರದ್ದು. ಸರಿಸುವ ಪದ್ಧತಿ ಇದ್ದರೆ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ ಬೇಕೇಬೇಕು, ಎರಡಕ್ಕೂ ಬೇರೆ ಕಾಲಂ. ನಮ್ಮಲ್ಲಿ ಯಾರೂ ಸರಿಸಿರಲಿಲ್ಲ. ಮಾರ್ಕರಿನಿಂದ ಎರಡು ಚೀಟಿ ನಡುವೆ ಬಾಣ ಎಳೆದಿದ್ದರು, ಅದಕ್ಕೆ "27ರಿಂದ 12ಕ್ಕೆ ಬಾಣ" ಅಂತ ಟಿಪ್ಪಣಿ ಹಾಕಿದೆ.

## ಚೀಟಿ ಯಾವಾಗ ಬಿಸಾಡಬಹುದು

ಮುಂದಿನ ಮೀಟಿಂಗಿನಲ್ಲಿ ಎಲ್ಲರೂ ಪಟ್ಟಿ ನೋಡಿ ಒಪ್ಪುವ ತನಕ ಬೇಡ. ಚೀಟಿಗಳ ಮೇಲೆ ಉದ್ದಕ್ಕೆ ಸೆಲ್ಲೋಟೇಪ್ ಎಳೆದು, ಚಾರ್ಟ್ ಹಾಳೆ ಸುತ್ತಿ ಇಟ್ಟರೆ ಒಂದೂ ಉದುರುವುದಿಲ್ಲ. ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅದು ಕುಗ್ಗಿ, ಸಣ್ಣ ಕೈಬರಹ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ನಮ್ಮ ಸುರುಳಿ ಎಲೆಕ್ಟ್ರಿಕ್ ಮೀಟರ್ ರೂಮಿನ ಬೀರುವಿನ ಮೇಲೆ ಎರಡು ತಿಂಗಳು ಇತ್ತು. ಒಂದು ಭಾನುವಾರ 35ನೇ ಚೀಟಿ ಬರೆದ ಬಾಡಿಗೆಯವರು ಬಂದು, ತಾನು ಕೇಳಿದ್ದು ಮೀಟರಿನ ಖರ್ಚೇ ಹೌದೋ ಅಲ್ಲವೋ ಎಂದು ಅದನ್ನು ಬಿಚ್ಚಿಸಿ ನೋಡಿಯೇ ಹೋದರು. ಹೌದಾಗಿತ್ತು.